ಮನೆ ವ್ಯಾಪಾರ ಮುಗಿದ ಮೇಲೆ ಬರೆಯುವ ಧನ್ಯವಾದ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಮನೆ, ಸೈಟು ಕೊಡಿಸುವ ಕೆಲಸ ನನ್ನದು. ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರು ನೋಂದಣಿ ಮುಗಿದ ಮೇಲೆ ಪಾರ್ಟಿಗೆ ಏನು ಬರೆಯಬೇಕು, "ಇನ್ನೊಬ್ಬರನ್ನು ಕಳಿಸಿಕೊಡಿ" ಎಂದು ಹೇಗೆ ಕೇಳಬೇಕು ಎಂದು ಆಗಾಗ ಕೇಳುತ್ತಾರೆ. ಪ್ರತಿ ಸಲವೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದೆ. ಈಗ ಇಲ್ಲಿ ಒಂದೇ ಕಡೆ ಬರೆದಿಡುತ್ತಿದ್ದೇನೆ. ಇದರಲ್ಲಿ ಹೆಚ್ಚಿನದು ಹಳೆ ಮನೆ ಕೊಂಡವರಿಗೆ ಬರೆಯುವ ಪತ್ರದ ಬಗ್ಗೆ, ಯಾಕೆಂದರೆ ನಮ್ಮ ಊರಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಮಾತು ಹೋಗುವುದು ಜಾಸ್ತಿ ಅವರ ಮೂಲಕವೇ.

ಕಮಿಷನ್ ಕೊಟ್ಟಾಯ್ತು, ಕೀ ಕೊಟ್ಟಾಯ್ತು. ಇನ್ನು ಪತ್ರ ಯಾಕೆ?

ನೋಂದಣಿ ದಿನ ಯಾರಿಗೂ ಮಾತಾಡುವ ಪುರುಸೊತ್ತು ಇರುವುದಿಲ್ಲ. ಉಪನೋಂದಣಿ ಕಚೇರಿಯಲ್ಲಿ ಫೋಟೊ, ಹೆಬ್ಬೆಟ್ಟು, ಸಾಕ್ಷಿಗಳು ಬಂದರಾ ಇಲ್ಲವಾ ಎನ್ನುವ ಚಿಂತೆ, ಬ್ಯಾಂಕಿನ ಡಿಡಿ ಯಾರ ಕೈಯಲ್ಲಿದೆ ಎನ್ನುವ ಚಿಂತೆ. ಎಲ್ಲ ಮುಗಿದು ಹೊರಗೆ ಬಂದು ಒಂದು ಟೀ ಕುಡಿದು "ಆಯ್ತು ಸಾರ್, ಒಳ್ಳೇದಾಗ್ಲಿ" ಎಂದು ಹೋಗಿಬಿಡುತ್ತೇವೆ. ಆರು ತಿಂಗಳು ಜೊತೆಗೆ ಓಡಾಡಿದ ಸಂಬಂಧ ಅಲ್ಲಿಗೆ ಅರ್ಧಕ್ಕೆ ನಿಂತ ಹಾಗೆ ಆಗುತ್ತದೆ.

ಮನೆ ಕೊಂಡವರಿಗೆ ಒಳಗೊಳಗೆ ಒಂದು ಭಯ ಇರುತ್ತದೆ. ಇಷ್ಟು ದುಡ್ಡು ಹಾಕಿದೆವು, ಸರಿ ಮಾಡಿದೆವಾ? ನೋಂದಣಿಯಾದ ಮೊದಲ ಎರಡು ವಾರ ಈ ಭಯ ಜಾಸ್ತಿ. ಆ ಹೊತ್ತಲ್ಲಿ ಏಜೆಂಟ್ ಕಡೆಯಿಂದ ಸದ್ದೇ ಇಲ್ಲದಿದ್ದರೆ "ದುಡ್ಡು ತಗೊಂಡ, ಹೋದ" ಎಂದು ಅನ್ನಿಸುವುದು ಸಹಜ. ಪತ್ರದ ಮೊದಲ ಕೆಲಸ ಆ ಭಯ ಇಳಿಸುವುದು. ಇನ್ನೊಬ್ಬರನ್ನು ಕಳಿಸಿಕೊಡಿ ಎನ್ನುವುದು ಅದರ ನಂತರದ ಮಾತು.

ಯಾವಾಗ ಕೊಡಬೇಕು?

ನೋಂದಣಿ ದಿನವೇ ಬೇಡ. ತಿಂಗಳು ಬಿಟ್ಟೂ ಬೇಡ. ಕೊಂಡವರಿಗಾದರೆ ಗೃಹಪ್ರವೇಶಕ್ಕೆ ಮೂರು ನಾಲ್ಕು ದಿನ ಮುಂಚೆ ಕೈಗೆ ಸಿಗಬೇಕು. ಇದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು.

ಯೋಚನೆ ಮಾಡಿ. ನಮ್ಮ ಹೆಸರು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವುದು ಯಾವಾಗ? ಗೃಹಪ್ರವೇಶದ ದಿನ ನೆಂಟರು ಬರುತ್ತಾರೆ. ಜಗಳೂರಿಂದ, ಹೊನ್ನಾಳಿಯಿಂದ, ಹರಪನಹಳ್ಳಿಯಿಂದ. ಪೂಜೆ ಮುಗಿದು ಎಲೆ ಹಾಕುವ ತನಕ ಎಲ್ಲರೂ ಮನೆ ಸುತ್ತುತ್ತಾರೆ. ಅಡುಗೆಮನೆ ನೋಡುತ್ತಾರೆ, ಮಹಡಿ ಹತ್ತುತ್ತಾರೆ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ವಿಚಾರಿಸುತ್ತಾರೆ. ಆಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಯಾರು ಕೊಡಿಸಿದ್ದು?" ಆ ಪ್ರಶ್ನೆಗೆ ಮನೆಯವರ ಹತ್ತಿರ ಹೇಳಲು ಒಂದು ಮಾತು ಇರಬೇಕು. "ಯಾರೋ ಒಬ್ಬ ಬ್ರೋಕರ್" ಎಂದರೆ ಅಲ್ಲಿಗೆ ಮುಗಿಯಿತು. ನಾಲ್ಕು ದಿನದ ಹಿಂದೆ ನಿಮ್ಮ ಪತ್ರ ಓದಿದ್ದರೆ ನೀವು ಮಾಡಿದ ಕೆಲಸ ಅವರ ನೆನಪಲ್ಲಿ ಹಸಿಯಾಗಿ ಇರುತ್ತದೆ.

ಆಷಾಢ ಅಡ್ಡ ಬಂದರೆ ಗೃಹಪ್ರವೇಶ ಶ್ರಾವಣಕ್ಕೆ ಹೋಗುತ್ತದೆ. ಆಗ ಪತ್ರವನ್ನು ಅಲ್ಲಿಯ ತನಕ ಇಟ್ಟುಕೊಳ್ಳಬೇಡಿ. ಹತ್ತು ದಿನದೊಳಗೆ ಕೊಟ್ಟುಬಿಡಿ, ಗೃಹಪ್ರವೇಶಕ್ಕೆ ಮುಂಚೆ ಒಂದು ಸಲ ಫೋನ್ ಮಾಡಿದರೆ ಸಾಕು.

ಮಾರಿದವರಿಗಾದರೆ ಲೆಕ್ಕ ಬೇರೆ. ಪೂರ್ತಿ ಹಣ ಅವರ ಖಾತೆಗೆ ಬಂದು ಒಂದು ವಾರ ಆಗಿರಬೇಕು. ಹಣ ಪೂರ್ತಿ ಬರುವ ಮುಂಚೆ ಬಂದ ಧನ್ಯವಾದಕ್ಕೆ ಬೆಲೆ ಇಲ್ಲ.

ಪತ್ರದಲ್ಲಿ ಏನು ಬರೆಯಬೇಕು? ಒಂದು ಮಾದರಿ ಕೊಡುತ್ತೀರಾ?

ಮಾದರಿ ಕೊಡುತ್ತೇನೆ, ಆದರೆ ಅದರ ಹಿಂದಿನ ಕಥೆ ಗೊತ್ತಿಲ್ಲದೆ ನಕಲು ಮಾಡಿದರೆ ಉಪಯೋಗವಿಲ್ಲ. ಹಾಗಾಗಿ ಮೊದಲು ಕಥೆ.

ಜಗಳೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು, ಅವರ ಹೆಂಡತಿ. ಮಗಳು ದಾವಣಗೆರೆಯಲ್ಲೇ ಇದ್ದಾಳೆ ಎಂದು ಇಲ್ಲಿ ಮನೆ ಹುಡುಕಿದರು. ವಿದ್ಯಾನಗರದ ಕಡೆ ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಹಳೆ ಮನೆ ಇಬ್ಬರಿಗೂ ಹಿಡಿಸಿತು. ಅಡ್ವಾನ್ಸ್ ಕೊಡಲು ಮೇಷ್ಟ್ರು ಚೆಕ್ ಪುಸ್ತಕ ಹಿಡಿದೇ ಬಂದಿದ್ದರು. ಇಸಿ ತೆಗೆಸುವ ತನಕ ಬೇಡ ಎಂದು ನಾನೇ ತಡೆದೆ. ಇಸಿ ಎಂದರೆ ಆ ಆಸ್ತಿಯ ಮೇಲೆ ಏನೇನು ನೋಂದಣಿಯಾಗಿದೆ ಎಂದು ತೋರಿಸುವ ಋಣಭಾರ ಪತ್ರ. ಬಂದಾಗ ನೋಡಿದರೆ ಮಾರುವವರ ತಂದೆ ಬಹಳ ವರ್ಷದ ಹಿಂದೆ ಮನೆಯ ಪತ್ರ ಇಟ್ಟು ಮಾಡಿದ್ದ ಸಾಲ ಕಾಣಿಸುತ್ತಿತ್ತು. ಸಾಲ ತೀರಿತ್ತು. ಆದರೆ ತೀರಿದೆ ಎನ್ನುವ ಋಣಮುಕ್ತ ಪತ್ರವನ್ನು ಯಾರೂ ನೋಂದಣಿ ಮಾಡಿಸಿರಲಿಲ್ಲ. ದಾಖಲೆಯ ಪ್ರಕಾರ ಮನೆ ಇನ್ನೂ ಅಡಮಾನದಲ್ಲೇ ಇತ್ತು.

ಮಾರುವವರದ್ದು ಮೋಸವೇನಲ್ಲ, ಅವರಿಗೇ ಗೊತ್ತಿರಲಿಲ್ಲ. ಸಾಲ ಕೊಟ್ಟಿದ್ದ ಕಡೆ ಹಳೆ ಕಡತ ಹುಡುಕಿಸಿ, ಪತ್ರ ಮಾಡಿಸಿ, ನೋಂದಣಿ ಮಾಡಿಸಿ, ಮತ್ತೆ ಇಸಿ ತೆಗೆಸಿ ಸಾಲ ತೀರಿದ ನಮೂದು ಕಣ್ಣಾರೆ ನೋಡಲು ಐದು ವಾರ ಹಿಡಿಯಿತು. ಆ ಐದು ವಾರ ಮೇಷ್ಟ್ರು ಕಾದರು. ಈಗ ಪತ್ರ ನೋಡಿ.

"ಮೇಷ್ಟ್ರಿಗೂ ಅಮ್ಮನವರಿಗೂ ನಮಸ್ಕಾರ.

ಹೋದ ಗುರುವಾರ ನೋಂದಣಿ ಮುಗಿಸಿ ಹೊರಗೆ ಬಂದಾಗ ಗಡಿಬಿಡಿಯಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ಇಸಿಯಲ್ಲಿ ಹಳೆ ಸಾಲ ಕಂಡಾಗ ಬೇರೆ ಮನೆ ನೋಡೋಣ ಎಂದು ನೀವು ಹೇಳಬಹುದಿತ್ತು. ಹೇಳಲಿಲ್ಲ, ಐದು ವಾರ ಕಾದಿರಿ. ಸಾಲ ತೀರಿದ್ದು ದಾಖಲೆಯಲ್ಲಿ ಕಾಣಿಸಿದ ದಿನ ನನಗೂ ನಿರಾಳವಾಯಿತು. ನನ್ನ ಮಾತು ನಂಬಿದ್ದಕ್ಕೆ ಧನ್ಯವಾದ. ಹಿತ್ತಲಿನ ಕರಿಬೇವಿನ ಗಿಡ ಹಾಗೇ ಇರಲಿ ಎಂದು ಅಮ್ಮನವರು ಹೇಳಿದ್ದನ್ನು ಹಳೆ ಮಾಲೀಕರಿಗೆ ಹೇಳಿದೆ. ಅವರ ತಾಯಿ ನೆಟ್ಟ ಗಿಡವಂತೆ, ತುಂಬಾ ಸಂತೋಷ ಪಟ್ಟರು.

ಇನ್ನು ಎರಡು ಕೆಲಸ ಬಾಕಿ ಇದೆ. ಪಾಲಿಕೆಯಲ್ಲಿ ಖಾತೆ ನಿಮ್ಮ ಹೆಸರಿಗೆ ಆಗಬೇಕು, ಬೆಸ್ಕಾಂ ಮೀಟರಿನ ಹೆಸರು ಬದಲಾಗಬೇಕು. ಎರಡಕ್ಕೂ ನಾನೇ ಜೊತೆಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ 11 ಗಂಟೆಗೆ ಫೋನ್ ಮಾಡುತ್ತೇನೆ.

ನಿಮ್ಮ ಕಡೆಯವರು ಯಾರಾದರೂ ಹಳೆ ಮನೆ ಕೊಳ್ಳುವಾಗ ಕಾಗದಪತ್ರದ ಬಗ್ಗೆ ಅನುಮಾನ ಪಟ್ಟರೆ ನನ್ನ ನಂಬರ್ ಕೊಡಿ. ಒಂದು ಸಲ ಕೂತು ನೋಡಿ ಹೇಳುತ್ತೇನೆ, ಅದಕ್ಕೆ ದುಡ್ಡಿಲ್ಲ. ಯಾರೂ ಇಲ್ಲದಿದ್ದರೂ ಏನೂ ಅಂದುಕೊಳ್ಳಬೇಡಿ.

ಹೊಸ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರಿ."

ಅಷ್ಟೇ. ಒಂದು ಹಾಳೆಯ ಒಂದೇ ಮಗ್ಗುಲು.

ಇದರಲ್ಲಿ ವಿಶೇಷ ಏನಿದೆ? ನಾವೂ ಹೆಚ್ಚುಕಡಿಮೆ ಹೀಗೇ ಬರೆಯುತ್ತೇವಲ್ಲ?

ಐದು ವಾರ ಕಾದದ್ದು ಮೇಷ್ಟ್ರ ತಾಳ್ಮೆ. ಪತ್ರ ಅದಕ್ಕೆ ಧನ್ಯವಾದ ಹೇಳುತ್ತದೆ, ನನ್ನ ಕೆಲಸವನ್ನು ಹೊಗಳಿಕೊಳ್ಳುವುದಿಲ್ಲ. ಆದರೆ ಓದುವವರಿಗೆ ಇಸಿಯಲ್ಲಿ ಸಾಲ ಹಿಡಿದದ್ದು ಯಾರು ಎಂದು ತಾನಾಗಿ ನೆನಪಾಗುತ್ತದೆ. "ನಮ್ಮ ಸಂಸ್ಥೆಯ ಅತ್ಯುತ್ತಮ ಸೇವೆಯನ್ನು ಬಳಸಿಕೊಂಡಿದ್ದಕ್ಕೆ ಧನ್ಯವಾದಗಳು" ಎಂದು ಬರೆದರೆ ಮೇಷ್ಟ್ರಿಗೆ ಯಾವುದೂ ನೆನಪಾಗುವುದಿಲ್ಲ, ಗೃಹಪ್ರವೇಶದಲ್ಲಿ ಹೇಳಲು ಏನೂ ಸಿಗುವುದಿಲ್ಲ.

ಬಾಕಿ ಕೆಲಸದ ಸಾಲನ್ನು ಬಿಡಲೇಬೇಡಿ. ಅದರಲ್ಲಿ ದಿನ, ಗಂಟೆ ಇರಬೇಕು. "ಯಾವುದೇ ಸಹಾಯ ಬೇಕಾದರೂ ಸಂಪರ್ಕಿಸಿ" ಎಂದರೆ ಕೆಲಸವನ್ನು ಅವರ ತಲೆಗೇ ಹಾಕಿದ ಹಾಗೆ. ಸೋಮವಾರ 11 ಗಂಟೆ ಎಂದು ಬರೆದಿದ್ದರೆ ಸೋಮವಾರ 11 ಗಂಟೆಗೆ ಫೋನ್ ಹೋಗಲೇಬೇಕು. ಆಗದು ಎಂದರೆ ಬರೆಯಬೇಡಿ. ಬರೆದು ಮಾಡದೇ ಇರುವುದು ಪತ್ರ ಕೊಡದೇ ಇರುವುದಕ್ಕಿಂತ ಕೆಟ್ಟದ್ದು.

ಎಲ್ಲರ ವ್ಯವಹಾರದಲ್ಲೂ ಇಸಿಯ ತೊಡಕು ಇರುವುದಿಲ್ಲ, ನಿಜ. ಆದರೆ ಏನಾದರೂ ಒಂದು ಇದ್ದೇ ಇರುತ್ತದೆ. ಬ್ಯಾಂಕಿನವರು ಬೆಲೆ ಕಟ್ಟಲು ಎರಡು ಸಲ ಬಂದದ್ದು, ಇ-ಖಾತಾದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದು, ಅಣ್ಣತಮ್ಮಂದಿರ ಸಹಿಗೆ ಹುಬ್ಬಳ್ಳಿ ತನಕ ಹೋಗಿ ಬಂದದ್ದು. ವ್ಯಾಪಾರ ನಡೆಯುವಾಗಲೇ ಡೈರಿಯಲ್ಲಿ ಎರಡು ಸಾಲು ಬರೆದಿಟ್ಟುಕೊಳ್ಳಿ. ಮುಗಿದ ಮೇಲೆ ನೆನಪಿಸಿಕೊಳ್ಳಲು ಕೂತರೆ ಏನೂ ಬರುವುದಿಲ್ಲ.

"ನಿಮ್ಮ ಬಂಧುಮಿತ್ರರಿಗೆಲ್ಲ ತಿಳಿಸಿ" ಎಂದು ನೇರವಾಗಿ ಕೇಳಿದರೆ ತಪ್ಪೇನು?

ಕೇಳುವುದು ತಪ್ಪಲ್ಲ, ಕೇಳಿ. ಆದರೆ "ಎಲ್ಲರಿಗೂ" ಎಂದಾಗ ಯಾರ ಮುಖವೂ ಕಣ್ಣ ಮುಂದೆ ಬರುವುದಿಲ್ಲ. "ಹಳೆ ಮನೆ ಕೊಳ್ಳುವಾಗ ಕಾಗದಪತ್ರದ ಬಗ್ಗೆ ಅನುಮಾನ ಪಟ್ಟರೆ" ಎಂದಾಗ ಬರುತ್ತದೆ. ಓಹ್, ನಮ್ಮ ಭಾವಮೈದ ಹಾಗೇ ಹೇಳುತ್ತಿದ್ದನಲ್ಲ ಎಂದು. ಒಂದು ಸಂದರ್ಭ ಹೇಳಬೇಕು, ಆ ಸಂದರ್ಭ ನೀವು ಅವರಿಗೆ ಮಾಡಿಕೊಟ್ಟ ಕೆಲಸಕ್ಕೇ ಹೊಂದಬೇಕು. ಸೈಟು ಕೊಂಡವರಿಗೆ ಸೈಟಿನ ಮಾತು, ಸಾಲ ಮಾಡಿ ಕೊಂಡವರಿಗೆ ಸಾಲದ ಓಡಾಟದ ಮಾತು.

ಇನ್ನೊಂದು, ಅವರ ಕಡೆಯವರ ನಂಬರ್ ನೀವು ಕೇಳಬೇಡಿ, ನಿಮ್ಮ ನಂಬರ್ ಕೊಡಲು ಹೇಳಿ. ವ್ಯತ್ಯಾಸ ದೊಡ್ಡದು. ಒಬ್ಬರನ್ನು ಕೇಳದೆ ಅವರ ನಂಬರ್ ಏಜೆಂಟ್ ಕೈಗೆ ಕೊಟ್ಟರೆ, ಅವರಿಗೆ ಊಟದ ಹೊತ್ತಿಗೆ ನಾವು ಫೋನ್ ಮಾಡಿದರೆ, ಬೈಗುಳ ಬೀಳುವುದು ಕೊಟ್ಟವರಿಗೆ. ನಾನು ಶುರುವಿನ ದಿನಗಳಲ್ಲಿ ಪತ್ರದ ಕೆಳಗೆ ಐದು ಖಾಲಿ ಗೆರೆ ಅಚ್ಚು ಹಾಕಿಸಿದ್ದೆ, ಹೆಸರು ಮತ್ತು ಮೊಬೈಲ್ ನಂಬರ್ ತುಂಬಿ ಕೊಡಿ ಎಂದು. ಮೂವತ್ತು ಪತ್ರ ಹಂಚಿದೆ. ಒಬ್ಬರೂ ತುಂಬಲಿಲ್ಲ. ಅದರಲ್ಲಿ ಒಬ್ಬ ಅಕ್ಕ ಮಾತ್ರ ಬಾಯಿಬಿಟ್ಟು ಹೇಳಿದರು: "ಕಾಗದ ಓದ್ತಾ ಖುಷಿಯಾಗಿತ್ತು ಅಣ್ಣ, ಕೆಳಗೆ ಬಂದಾಗ ಸ್ಕೂಲ್ ಫಾರಂ ತುಂಬಿದ ಹಾಗಾಯ್ತು." ಅವತ್ತೇ ಆ ಗೆರೆ ತೆಗೆಸಿದೆ.

ಕೊನೆಗೆ "ಯಾರೂ ಇಲ್ಲದಿದ್ದರೂ ಏನೂ ಅಂದುಕೊಳ್ಳಬೇಡಿ" ಎನ್ನುವ ಮಾತನ್ನು ಮನಸಾರೆ ಬರೆಯಿರಿ. ನಮ್ಮ ಜನಕ್ಕೆ ದಾಕ್ಷಿಣ್ಯ ಜಾಸ್ತಿ. ಋಣ ತೀರಿಸಬೇಕು ಎಂದು ಅನ್ನಿಸಿದರೆ ಮುಂದೆ ಎದುರು ಸಿಕ್ಕಾಗ ಮುಖ ತಪ್ಪಿಸುತ್ತಾರೆ.

ಪಾರ್ಟಿ ಕಳಿಸಿದರೆ ಇಷ್ಟು ದುಡ್ಡು ಕೊಡುತ್ತೇನೆ ಎಂದು ಬರೆಯಬಹುದಾ?

ಬೇಡ. ಎರಡು ಕಾರಣ.

ಮನೆ, ಸೈಟು ವ್ಯವಹಾರದ ಮೇಲೆ ನಿಗಾ ಇಡಲು ಮಾಡಿದ 2016ರ ರೇರಾ ಕಾಯ್ದೆಯಲ್ಲಿ ಏಜೆಂಟ್ ಎಂದರೆ ಯಾರು ಎನ್ನುವುದಕ್ಕೆ ಅಗಲವಾದ ಅರ್ಥ ಇದೆ. ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯ ಮಾಡಿಸಿ ಅದಕ್ಕೆ ಹಣ ಪಡೆಯುವವರೂ ಅದರಲ್ಲಿ ಬರುತ್ತಾರೆ. ರೇರಾದಲ್ಲಿ ನೋಂದಣಿಯಾದ ಬಡಾವಣೆ ಅಥವಾ ಅಪಾರ್ಟ್‌ಮೆಂಟಿನ ವಿಷಯದಲ್ಲಿ ಈ ಕೆಲಸ ಮಾಡಲು ಏಜೆಂಟ್ ಕೂಡ ನೋಂದಣಿ ಮಾಡಿಸಿಕೊಂಡಿರಬೇಕು. ಅಂದರೆ ಪ್ರತಿ ಹೆಸರಿಗೆ ಇಷ್ಟು ಎಂದು ದುಡ್ಡು ಕೊಡಲು ಶುರುಮಾಡಿದರೆ, ಪಾಪ, ಒಬ್ಬ ನಿವೃತ್ತ ಮೇಷ್ಟ್ರನ್ನು ನೋಂದಣಿ ಇಲ್ಲದ ಏಜೆಂಟ್ ಜಾಗದಲ್ಲಿ ನಿಲ್ಲಿಸಿದ ಹಾಗೆ ಆಗಬಹುದು. ಹಳೆ ಮನೆಯ ಮರುಮಾರಾಟಕ್ಕೆ ಈ ನಿಯಮ ನೇರವಾಗಿ ಬರುವುದಿಲ್ಲ. ಆದರೆ ಮುಂದೆ ಅವರು ಕಳಿಸುವವರು ಹಳೆ ಮನೆಯೇ ಕೇಳುತ್ತಾರೆ ಎಂದು ಯಾರಿಗೆ ಗೊತ್ತು?

ಎರಡನೆಯದು ನನಗೆ ಇನ್ನೂ ಮುಖ್ಯ. ಮೇಷ್ಟ್ರ ಮಾತಿಗೆ ಬೆಲೆ ಇರುವುದು ಅದರಲ್ಲಿ ಅವರಿಗೆ ಏನೂ ಲಾಭ ಇಲ್ಲ ಎಂದು. ಭಾವಮೈದನಿಗೆ ಮುಂದೆ ಒಂದು ದಿನ "ನಮ್ಮ ಭಾವ ಕಮಿಷನ್ ತಗೊಂಡು ಕಳಿಸಿದ್ರಂತೆ" ಎಂದು ಗೊತ್ತಾದರೆ ಒಂದು ಮನೆತನದ ನಂಬಿಕೆಯೇ ಕೆಡುತ್ತದೆ. ಗೃಹಪ್ರವೇಶಕ್ಕೆ ಕರೆದರೆ ಹೋಗಿ, ಎಲ್ಲರ ಹಾಗೆ ಮುಯ್ಯಿ ಮಾಡಿ. ಅಷ್ಟು ಸಾಕು.

ರೇರಾ ನಂಬರ್ ಇದ್ದರೆ ಪತ್ರದಲ್ಲಿ ನಿಮ್ಮ ಹೆಸರಿನ ಕೆಳಗೆ ಬರೆಯಿರಿ. ನೋಂದಾಯಿತ ಯೋಜನೆಯಲ್ಲಿ ನೀವು ಮಾಡಿಸುವ ಪ್ರತಿ ಮಾರಾಟದಲ್ಲೂ ಆ ನಂಬರ್ ನಮೂದಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ.

ವಾಟ್ಸ್ಆ್ಯಪ್ ಸಾಕಲ್ವಾ? ಕೈಬರಹ ಯಾಕೆ?

ಊರಲ್ಲೇ ಇರುವವರಿಗೆ ಕೈಯಲ್ಲಿ ಬರೆದು, ಕೈಯಲ್ಲೇ ಕೊಡಿ. ವಾಟ್ಸ್ಆ್ಯಪ್ ಸಂದೇಶ ಸಂಜೆಯ ಹೊತ್ತಿಗೆ ನೂರು ಶುಭೋದಯಗಳ ಕೆಳಗೆ ಹೋಗಿರುತ್ತದೆ. ಕಾಗದವನ್ನು ಜನ ಮನೆಪತ್ರದ ಫೈಲಿನಲ್ಲೇ ಇಡುತ್ತಾರೆ, ನಾನೇ ನೋಡಿದ್ದೇನೆ. ತೆರಿಗೆ ಕಟ್ಟಲು ವರ್ಷಕ್ಕೊಮ್ಮೆ ಫೈಲ್ ತೆಗೆದಾಗ ಅದು ಮತ್ತೆ ಕೈಗೆ ಸಿಗುತ್ತದೆ. ಬೆಂಗಳೂರಲ್ಲೋ ಹೊರದೇಶದಲ್ಲೋ ಇರುವವರಿಗೆ ಬೇಕಾದರೆ ಅದೇ ಕಾಗದದ ಫೋಟೊ ಕಳಿಸಿ. ಅಕ್ಷರ ಚೆನ್ನಾಗಿಲ್ಲ ಎಂದು ಹಿಂಜರಿಯಬೇಡಿ.

ವಿಸಿಟಿಂಗ್ ಕಾರ್ಡ್ ಇಡುವುದಾದರೆ ಎರಡು ಇಡಿ. ಕಟ್ಟು ಇಟ್ಟರೆ ಅದು ಹಂಚುವ ಕೆಲಸ ಕೊಟ್ಟ ಹಾಗೆ.

ಯಾವುದನ್ನು ಬರೆಯಲೇಬಾರದು?

ಬೆಲೆ. ಎಷ್ಟಕ್ಕೆ ಕೊಂಡರು, ಎಷ್ಟು ಇಳಿಸಿಕೊಟ್ಟೆ, ಎಷ್ಟು ಸಾಲ ಮಾಡಿದರು, ಯಾವುದೂ ಬೇಡ. ಪತ್ರ ಮನೆಯಲ್ಲಿ ಯಾರ ಕೈಗೂ ಸಿಗಬಹುದು.

ಇದನ್ನು ನಾನು ಇನ್ನೊಬ್ಬರಿಗೆ ನೋವು ಮಾಡಿ ಕಲಿತೆ. ನಿಟುವಳ್ಳಿ ಕಡೆ ಮನೆ ಕೊಂಡ ಒಂದು ಜೋಡಿಗೆ ಕೀ ಕೊಡುವ ಫೋಟೊ ತೆಗೆದು, ಅಭಿನಂದನೆ ಬರೆದು ಸ್ಟೇಟಸ್‌ಗೆ ಹಾಕಿದೆ. ಕೇಳಿರಲಿಲ್ಲ. ಅವರು ತಂಗಿಯ ಮದುವೆಗೆಂದು ಸಂಬಂಧಿಕರೊಬ್ಬರಿಂದ ಕೈಸಾಲ ಮಾಡಿದ್ದರು, ಇನ್ನೂ ತೀರಿಸಿರಲಿಲ್ಲ. ಆ ಸಂಬಂಧಿಕರ ನಂಬರ್ ನನ್ನ ಫೋನಿನಲ್ಲೂ ಇತ್ತು. ಸ್ಟೇಟಸ್ ನೋಡಿ ಅದೇ ಸಂಜೆ ಅವರ ಮನೆಗೆ ಹೋಗಿ ಗಲಾಟೆ ಮಾಡಿದರು. ಮನೆಗೆ ದುಡ್ಡು ಬ್ಯಾಂಕ್ ಸಾಲದ್ದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ನಾನು ಹೋಗಿ ಕ್ಷಮೆ ಕೇಳಿದೆ, ಅವರು ಒಳ್ಳೆಯವರು, ಕ್ಷಮಿಸಿದರು. ಆದರೆ ಅವರಿಗೆ ಆ ಹೊಸ ಮನೆಯ ಮೊದಲ ನೆನಪು ಆ ಜಗಳವೇ ಆಯಿತು. ಅದನ್ನು ನಾನು ಸರಿ ಮಾಡಲಾರೆ. ಅಂದಿನಿಂದ ಕೇಳದೆ ಒಂದೂ ಫೋಟೊ ಹಾಕಿಲ್ಲ.

ಮನೆ ಮಾರಿದವರಿಗೂ ಇದೇ ಪತ್ರ ಕೊಡಬಹುದಾ?

ಮೊದಲು ಯಾಕೆ ಮಾರಿದರು ಎಂದು ನೋಡಿ. ಮಗ ಬೆಂಗಳೂರಲ್ಲಿ ದೊಡ್ಡ ಮನೆ ಮಾಡಿದ, ಅಲ್ಲಿಗೆ ಹೋಗುತ್ತಿದ್ದೇವೆ ಎಂದರೆ ಸರಿ, ಸಂತೋಷವಾಗಿ ಬರೆಯಿರಿ. ಆದರೆ ಆಸ್ಪತ್ರೆ ಖರ್ಚಿಗೆ ಮಾರಿದವರು ಇದ್ದಾರೆ. ಸಾಲ ತೀರಿಸಲು, ಅಣ್ಣತಮ್ಮಂದಿರು ಬೇರೆಯಾಗಲು, ಅಪ್ಪ ಅಮ್ಮ ಹೋದ ಮೇಲೆ ಮಾರಿದವರು ಇದ್ದಾರೆ. ಅವರಿಗೆ "ಅಭಿನಂದನೆ" ಎನ್ನುವ ಪದವೇ ಚುಚ್ಚುತ್ತದೆ. ಅಂಥವರಿಗೆ ನಾನು ನಾಲ್ಕೇ ಸಾಲು ಬರೆಯುತ್ತೇನೆ. ಕಷ್ಟದ ಹೊತ್ತಲ್ಲಿ ನನ್ನ ಮೇಲೆ ಭಾರ ಹಾಕಿದ್ದಕ್ಕೆ ಧನ್ಯವಾದ, ಹಳೆ ಮೀಟರಿನ ಬಿಲ್ಲು ನಿಮ್ಮ ಹೆಸರಿಗೆ ಬಾರದ ಹಾಗೆ ನೋಡಿಕೊಳ್ಳುತ್ತೇನೆ, ಏನಾದರೂ ಕಾಗದ ಬೇಕಾದರೆ ಹೇಳಿ ಎಂದು. ಇನ್ನೊಬ್ಬರನ್ನು ಕಳಿಸುವ ಮಾತು ಅದರಲ್ಲಿ ಒಂದಕ್ಷರವೂ ಇರುವುದಿಲ್ಲ. ಇದರಲ್ಲಿ ರಾಜಿ ಬೇಡ.

ವ್ಯಾಪಾರದ ನಡುವೆ ನನ್ನಿಂದಲೇ ತಪ್ಪಾಗಿತ್ತು. ಆದರೂ ಬರೆಯಲಾ?

ಬರೆಯಿರಿ, ತಪ್ಪನ್ನು ಒಂದು ಸಾಲಿನಲ್ಲಿ ಒಪ್ಪಿಕೊಂಡು. "ಸಾಕ್ಷಿಯವರ ಆಧಾರ್ ತರಲು ಹೇಳದೆ ನಿಮ್ಮ ಒಂದು ದಿನ ಹಾಳು ಮಾಡಿದೆ, ಅದು ನನ್ನ ತಪ್ಪು." ಅಷ್ಟು ಸಾಕು, ಕಾರಣ ಬರೆಯಲು ಹೋಗಬೇಡಿ. ಕಳಿಸಿಕೊಡಿ ಎನ್ನುವ ಮಾತನ್ನು ಆ ಪತ್ರದಲ್ಲಿ ಬಿಟ್ಟುಬಿಡಿ. ಖಾತೆ ಕೆಲಸ ಮುಗಿಸಿಕೊಟ್ಟ ದಿನ ಬಾಯಲ್ಲಿ ಹೇಳಿದರೆ ಆಯಿತು.

ಪತ್ರ ಕೊಟ್ಟು ಎರಡು ತಿಂಗಳಾಯಿತು, ಒಬ್ಬರೂ ಬಂದಿಲ್ಲ. ಮತ್ತೆ ನೆನಪಿಸಲಾ?

ಅದನ್ನು ನೆನಪಿಸಬೇಡಿ. ಒಂದು ಸಲ ಕೇಳಿದ್ದು ಸಾಕು. ಫೋನ್ ಮಾಡಲು ಬೇರೆ ಕಾರಣ ಇರುತ್ತದೆ: ಖಾತೆ ಬಂತಾ, ಮೊದಲ ಮಳೆಗೆ ಮಹಡಿ ಸೋರಿತಾ, ತೆರಿಗೆ ಕಟ್ಟಿದಿರಾ. ಪಾಲಿಕೆ ಆಸ್ತಿ ತೆರಿಗೆಗೆ ಏಪ್ರಿಲ್‌ನಲ್ಲಿ ಕಟ್ಟಿದರೆ ರಿಯಾಯಿತಿ ಇರುತ್ತದೆ, ಮಾರ್ಚ್ ಕೊನೆಗೆ ಒಂದು ಫೋನ್ ಮಾಡಿ ಅಷ್ಟು ಹೇಳಿದರೆ ಜನ ಮರೆಯುವುದಿಲ್ಲ.

ಅವರು ಕಳಿಸಿದವರು ಬಂದರು. ಆಮೇಲೆ ಏನು ಮಾಡಬೇಕು?

ಇಲ್ಲೇ ಹೆಚ್ಚಿನವರು ಎಡವುವುದು. ಬಂದವರ ಕೆಲಸದಲ್ಲಿ ಮುಳುಗಿ ಕಳಿಸಿದವರನ್ನು ಮರೆತುಬಿಡುತ್ತಾರೆ.

ಮೇಷ್ಟ್ರ ಕಥೆಗೇ ಬರುತ್ತೇನೆ. ಗೃಹಪ್ರವೇಶದ ದಿನ ಅಮ್ಮನವರ ತಮ್ಮ ಕೇಳಿದರಂತೆ, ಮೇಷ್ಟ್ರು ಇಸಿಯ ವಿಷಯ ಹೇಳಿ ನನ್ನ ಕಾರ್ಡ್ ಕೊಟ್ಟರಂತೆ. ಎರಡು ತಿಂಗಳ ಮೇಲೆ ಅವರು ಒಂದು ಸೈಟಿನ ಕಾಗದ ಹಿಡಿದು ಬಂದರು. ಊರಂಚಿನ ಜಾಗ, ಬೆಲೆ ಕಡಿಮೆ. ನೋಡಿದರೆ ಕೃಷಿ ಜಮೀನು, ಭೂಪರಿವರ್ತನೆ ಆಗಿರಲಿಲ್ಲ, ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆಯೂ ಇರಲಿಲ್ಲ. ಬರೀ ಬಿಳಿ ಕಲ್ಲು ನೆಟ್ಟು ಸೈಟು ಎಂದು ತೋರಿಸಿದ್ದರು. ಬೇಡ ಎಂದು ಹೇಳಿ ಕಳಿಸಿದೆ. ನನಗೆ ಅದರಲ್ಲಿ ಒಂದು ರೂಪಾಯಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಪತ್ರದಲ್ಲಿ ಕೊಟ್ಟ ಮಾತು ಅದೇ ಆಗಿತ್ತಲ್ಲ.

ಅವತ್ತೇ ಸಂಜೆ ಮೇಷ್ಟ್ರಿಗೆ ಹೀಗೆ ಕಳಿಸಿದೆ: "ಮೇಷ್ಟ್ರೇ, ನೀವು ಹೇಳಿದ್ದಕ್ಕೆ ಅವರು ಬಂದಿದ್ದರು. ಕಾಗದ ನೋಡಿ ನನಗೆ ತಿಳಿದದ್ದು ಹೇಳಿದ್ದೇನೆ. ಕಳಿಸಿಕೊಟ್ಟಿದ್ದಕ್ಕೆ ಧನ್ಯವಾದ." ಯಾವ ಸೈಟು, ಎಷ್ಟು ಬೆಲೆ, ಏನು ಹೇಳಿದೆ, ಯಾವುದನ್ನೂ ಬರೆಯಲಿಲ್ಲ. ಅದು ಭಾವಮೈದನ ವಿಷಯ, ಬೇಕಾದರೆ ಅವರೇ ಹೇಳಿಕೊಳ್ಳಲಿ. ಕಳಿಸಿದವರಿಗೆ ಗೊತ್ತಾಗಬೇಕಾದದ್ದು ಬಂದರು, ಮರ್ಯಾದೆಯಿಂದ ಕೂರಿಸಿ ನೋಡಿಕೊಂಡೆ ಎನ್ನುವುದಷ್ಟೇ. ವ್ಯಾಪಾರ ಆಗಲಿ ಬಿಡಲಿ, ಈ ಸಂದೇಶ ಅದೇ ದಿನ ಹೋಗಬೇಕು. ಮೇಷ್ಟ್ರು ಹತ್ತು ನಿಮಿಷದಲ್ಲಿ ಫೋನ್ ಮಾಡಿದರು. ಸೈಟಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಕರಿಬೇವು ಚಿಗುರಿದೆ, ಬಂದು ಒಯ್ಯಿರಿ" ಎಂದರು.